ಓದಿ ಮುಗಿಸಿ ತಲೆಯೆತ್ತುವಷ್ಟು ಹೊತ್ತು

ಸಬ್‌ಟೈಟಲ್ ಎಂದರೆ ಅನುವಾದ ಮಾಡಿ ಪರದೆಯ ಕೆಳಗೆ ಅಂಟಿಸುವುದು ಎಂದುಕೊಂಡವರನ್ನು ಕಂಡರೆ ನನಗೆ ಈಗಲೂ ರೇಗುತ್ತದೆ. ಅನುವಾದ ಸುಲಭದ ಭಾಗ. ನಿಜವಾದ ತಲೆನೋವು ಆಮೇಲೆ ಶುರುವಾಗುತ್ತದೆ. ಮನುಷ್ಯ ಮಾತಾಡುವ ವೇಗ ಬೇರೆ, ಓದುವ ವೇಗ ಬೇರೆ. ಎರಡಕ್ಕೂ ರಾಜಿ ಮಾಡಿಸಿ, ಎರಡೇ ಸಾಲಿನಲ್ಲಿ ಕೂರಿಸಿ, ನೋಡುವವನು ಓದಿ ಮುಗಿಸಿ ತಲೆಯೆತ್ತಿ ಮುಖ ನೋಡುವಷ್ಟು ಹೊತ್ತು ಉಳಿಸಬೇಕು. ಅಯ್ಯೋ, ಅದರ ಪಾಡು ಮಾಡಿದವರಿಗೇ ಗೊತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಒಂದು ಸಣ್ಣ ಎಡಿಟಿಂಗ್ ಸ್ಟುಡಿಯೋಗೆ ಹೋಗುತ್ತಿದ್ದೆ. ಕನ್ನಡ, ತಮಿಳು, ತೆಲುಗು ಮೂರೂ ಬರುತ್ತಿದ್ದರಿಂದ ಈ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಆಗ ನಮ್ಮ ನಿರ್ದೇಶಕರು ಚಿನ್ನದ ಗಣಿಯ ಹಳೆಯ ಕೆಲಸಗಾರರ ಮೇಲೆ ಒಂದು ಸಾಕ್ಷ್ಯಚಿತ್ರ ತೆಗೆದಿದ್ದರು. ಅದರಲ್ಲಿ ಕೊನೆಗೆ ಮಾತಾಡುವವರು ನನ್ನ ದೊಡ್ಡಪ್ಪ, ನಮ್ಮ ತಂದೆಯ ಅಣ್ಣ. ಗಣಿ ಪಕ್ಕದ ಚಾಂಪಿಯನ್ ರೀಫ್ಸ್‌ನಲ್ಲಿ, ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ಮಂಚದ ಮೇಲೆ ಕೂತು, ಕೊರಳಿನ ಟವೆಲ್ ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡಿದ್ದರು. ಚಿತ್ರೀಕರಣವಾದ ಕೆಲವೇ ತಿಂಗಳಿಗೆ ತೀರಿಕೊಂಡರು. ಎದೆಯೊಳಗೆ ಕಲ್ಲಿನ ಧೂಳು ಕೂತಿತ್ತು.

ದೊಡ್ಡಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಬಂದ ಜ್ವರ ಎರಡು ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಆದರೆ ತುಟಿ ನೋಡಿ ಮಾತು ತಿಳಿಯುವುದರಲ್ಲಿ ಆಕೆ ಗಟ್ಟಿಗಿತ್ತಿ. ಪಕ್ಕದ ಮನೆಯವರು ಬೀದಿಯಾಚೆ ನಿಂತು ಆಡಿಕೊಂಡರೂ ಹಿಡಿದುಬಿಡುತ್ತಿದ್ದಳು. ಗಣಿಯೊಳಗೆ ಬಂಡೆ ಸಿಡಿದರೆ ಮನೆಯ ಪಾತ್ರೆಗಳು ಅಲುಗುತ್ತವಲ್ಲ, ನಮಗೆ ಸದ್ದು ಕೇಳುವ ಮೊದಲೇ ಆಕೆಯ ಅಂಗಾಲಿಗೆ ಗೊತ್ತಾಗುತ್ತಿತ್ತು. ಕನ್ನಡ ತುಟಿಯೊಂದೇ ಆಕೆಗೆ ಓದಲು ಬರುತ್ತಿದ್ದುದು. ತಮಿಳಿನಲ್ಲಿ ಬಾಯಾಡಿಸಿದರೆ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೇ ದೊಡ್ಡಪ್ಪ ಗಣಿಯೊಳಗಿನ ಮಾತನ್ನೆಲ್ಲ ಮನೆಗೆ ಬಂದ ಜೊತೆ ಕೆಲಸಗಾರರೊಡನೆಯೂ ತಮಿಳಿನಲ್ಲೇ ಆಡಿ ಮುಗಿಸುತ್ತಿದ್ದರು.

ಮುಚ್ಚಿಡಲು ಅವರಿಗೊಂದು ಕಾರಣವಿತ್ತು. ದೊಡ್ಡಮ್ಮನ ಒಬ್ಬನೇ ತಮ್ಮ ಇವರದೇ ಪಾಳಿಯಲ್ಲಿ ಕೆಳಗಿಳಿದಿದ್ದ. ಬಂಡೆ ಸಿಡಿದ ದಿನ ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅವನು ತಕ್ಷಣ ಸತ್ತನೋ, ಕತ್ತಲಲ್ಲಿ ಕಾಯುತ್ತಾ ಸತ್ತನೋ? ಇಷ್ಟು ತಿಳಿಯಲು ಆಕೆ ಇಪ್ಪತ್ತು ವರ್ಷ ಗಂಡನ ಮುಖ ನೋಡಿದಳು. ದೊಡ್ಡಪ್ಪ ಬಾಯಿ ಬಿಡಲಿಲ್ಲ. ಕ್ಯಾಮೆರಾದವರಿಗೆ ಮಾತ್ರ, ಆಕೆ ಕಾಫಿಗೆಂದು ಒಳಗೆ ಹೋದಾಗ, ಹೇಳಿಬಿಟ್ಟಿದ್ದರು. ತಮಿಳಿನಲ್ಲೇ.

ಅದು ಚಿತ್ರದಲ್ಲಿದೆ ಎಂದು ಆಕೆಗೆ ತಿಳಿಸಿ, "ಏನಂದ್ರು ಅಂತ ನಾನು ಹೇಳ್ಲಾ ದೊಡ್ಡಮ್ಮ?" ಎಂದು ಕೇಳಿದೆ.

"ನೀನು ಏಳ್ಬೇಡ. ನೀನು ಮೆತ್ತಗೆ ಮಾಡಿ ಏಳ್ತೀಯ ಕಣಮ್ಮಿ, ನಿನ್ ಬುದ್ಧಿ ನಂಗೊತ್ತಿಲ್ವಾ? ಅವರ್ ಮಕ ನೋಡ್ಕಂಡು ನಾನೇ ಓದ್ಕಂತೀನಿ. ಅಕ್ಸರ ಮಾತ್ರ ಓಡಿಸ್ಬೇಡ," ಎಂದಳು.

ಓಡಿಸಬೇಡ ಅಂದರೆ! ದೊಡ್ಡಪ್ಪನೇ ಓಡಿದ್ದರಲ್ಲ. ಅಷ್ಟು ಹೊತ್ತು ನಿಧಾನವಾಗಿ ಮಾತಾಡಿದವರು, ಆ ಜಾಗಕ್ಕೆ ಬರುತ್ತಲೇ ಬೆಂಕಿ ತುಳಿದವರ ಹಾಗೆ ಐದು ಸೆಕೆಂಡಿನಲ್ಲಿ ಎಲ್ಲ ಹೇಳಿ ಸುಮ್ಮನಾಗಿದ್ದರು. ನಮ್ಮ ಸ್ಟುಡಿಯೋದ ಲೆಕ್ಕ ಸೆಕೆಂಡಿಗೆ ಆರೇಳು ಅಕ್ಷರ. ದೊಡ್ಡಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಬೆರಳಿಟ್ಟು ಓದುವವಳು. ಅವಳಿಗೆ ಸೆಕೆಂಡಿಗೆ ನಾಲ್ಕು ದಾಟುವುದಿಲ್ಲ.

ಪರದೆಯ ಮೇಲ್ಭಾಗದಲ್ಲಿ ಗಂಟೆ, ನಿಮಿಷ, ಸೆಕೆಂಡು, ಫ್ರೇಮುಗಳ ಅಂಕಿ ಓಡುವ ಕ್ಯಾಸೆಟ್ ಹಾಕಿಕೊಂಡು ಕೂತೆ. ಸೆಕೆಂಡಿಗೆ ಇಪ್ಪತ್ತೈದು ಫ್ರೇಮು. ಯಾವ ಫ್ರೇಮಿಗೆ ಅಕ್ಷರ ಬರಬೇಕು, ಯಾವುದಕ್ಕೆ ಹೋಗಬೇಕು ಎಂದು ಬರೆದು ಕೊಟ್ಟರೆ, ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅಕ್ಷರ ಮೂಡಿಸುತ್ತಿದ್ದರು. ಮೊದಲು ಮಾತನ್ನು ಹಿಂಡಿದೆ. 'ಅವನು', 'ಆಗ', 'ಅಂತ' ಎಲ್ಲ ಕಿತ್ತೆ. ಆಮೇಲೆ ಒಡೆದೆ.

ಬಂಡೆ ಬಿದ್ದ ಮೇಲೂ ಬದುಕಿದ್ದ.
ಗಾಳಿ ಪೈಪು ಬಡೀತಿದ್ದ.

ಇದು ಒಂದು. ಗಣಿಯೊಳಕ್ಕೆ ಗಾಳಿ ಒಯ್ಯುವ ಪೈಪು ಬಡಿದರೆ ಬಂಡೆಯಾಚೆಗೂ ಸದ್ದು ಕೇಳುತ್ತದೆ. ಮುಂದಿನದು ಹೀಗೆ:

ನಾವೂ ತಿರುಗಿ ಬಡಿದೆವು.
ಮಾರನೇ ದಿನ ಸದ್ದು ನಿಂತಿತು.

'ಬದುಕಿದ್ದ' ಕೆಳಗಿನ ಸಾಲಿಗೆ ಜಾರಲು ನಾನು ಬಿಡಲಿಲ್ಲ. ಬಿಟ್ಟಿದ್ದರೆ ಆ ಮುದುಕಿ 'ಬಂಡೆ ಬಿದ್ದ ಮೇಲೂ' ಎಂಬಲ್ಲಿ ಉಸಿರು ಹಿಡಿದು ನೇತಾಡಬೇಕಿತ್ತು. ಸಾಲು ಒಡೆಯುವವರಿಗೆ ಅಷ್ಟಾದರೂ ಕರುಣೆ ಇರಬೇಕು. ಎರಡು ಸಾಲಿನ ನಡುವೆ ತುಸು ಹೆಚ್ಚು ಜಾಗ ಬಿಡಿಸಿದೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಕುತ್ತದೆ. ಅವರು ಮಾತಾಡುವಷ್ಟು ಹೊತ್ತೂ ಮೊದಲನೆಯದೇ ನಿಂತಿರಲಿ ಎಂದೆ. ಎರಡನೆಯದು ಅವರ ದನಿ ನಿಲ್ಲುವಾಗ ಬರಲಿ. ಅದಕ್ಕೆ ಬೇಕಾದ ಸೆಕೆಂಡುಗಳನ್ನು ಆಮೇಲಿನ ಮೌನದಿಂದ ತೆಗೆದುಕೊಂಡೆ. ಅವಸರದ ಮಾತಿನ ಹಿಂದೆ ಮೌನವಿದ್ದರೆ, ಶಾಟ್ ಬದಲಾಗದಿದ್ದರೆ, ಅಕ್ಷರವನ್ನು ಅಲ್ಲಿಗೆ ಎಳೆಯಬಹುದು. ಎಲ್ಲರೂ ಮಾಡುವ ಉಪಾಯವೇ.

ಮೌನ ಎಂದೆನಲ್ಲ, ಅದು ಪೂರ್ತಿ ಮೌನವಲ್ಲ. ಹೆಡ್‌ಫೋನ್ ಹಾಕಿಕೊಂಡಾಗ ಒಂದು ಬಡಿತ ಕೇಳಿತು. ಟಕ್, ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್, ಟಕ್, ಟಕ್. ದೊಡ್ಡಪ್ಪನೇ ಮಂಚ ಕುಟ್ಟುತ್ತಿದ್ದಾರೆ ಎಂದುಕೊಂಡೆ. ಚಿತ್ರ ನಿಲ್ಲಿಸಿ ನೋಡಿದರೆ ಎರಡು ಕೈಯೂ ಟವೆಲ್ ಹಿಡಿದು ಎದೆಯ ಮೇಲೆ ಕದಲದೆ ಇವೆ. ಹಾಡುಹಗಲು, ಕಿಟಕಿಯಲ್ಲಿ ಬಿಸಿಲು, ಬೀದಿಯಲ್ಲಿ ಹಾರ್ನ್. ಆದರೂ ಹೆಡ್‌ಫೋನ್ ತೆಗೆದಿಟ್ಟು ಆಚೆ ಹೋಗಿ ಟೀ ಕುಡಿದು ಬಂದೆ.

ನಿರ್ದೇಶಕರಿಗೂ ಅದು ಕೇಳಿಸಿತ್ತು. "ಹೊರಗೆ ಯಾರೋ ಏನೋ ಕುಟ್ಟಿದ್ದಾರೆ, ಸೌಂಡ್ ಕೆಟ್ಟಿದೆ. ಅವರ ಮಾತು ಮುಗಿದ ಕೂಡಲೇ ಶಾಟ್ ಕತ್ತರಿಸಿಬಿಡ್ತೀನಿ," ಎಂದರು. ಕೊನೆಯ ಕತ್ತರಿ ಇನ್ನೂ ಬಾಕಿಯಿತ್ತು. "ಮೊದಲು ನಮ್ಮ ದೊಡ್ಡಮ್ಮ ನೋಡಲಿ ಸಾರ್," ಎಂದು ಬೇಡಿ, ಅಕ್ಷರ ಹಾಕಿದ ಪರೀಕ್ಷೆಯ ಕ್ಯಾಸೆಟ್ ತಂದೆ.

ಮಧ್ಯಾಹ್ನ, ಅದೇ ಮನೆ, ಅದೇ ಮಂಚ. ಬಾಡಿಗೆಗೆ ತಂದ, ಕ್ಯಾಸೆಟ್ ಓಡಿಸುವ ವಿಸಿಪಿಯನ್ನು ಪಕ್ಕದ ಮನೆಯಿಂದ ಹೊತ್ತು ತಂದ ಮರದ ಪೆಟ್ಟಿಗೆಯ ಟೀವಿಗೆ ಜೋಡಿಸಿದೆ. ದೊಡ್ಡಮ್ಮ ನೆಲದಲ್ಲಿ ಟೀವಿಗೆ ಒತ್ತಿಕೊಂಡೇ ಕೂತು, ಗಂಡನ ಭುಜ ಹಿಡಿದವಳ ಹಾಗೆ ಪೆಟ್ಟಿಗೆಯ ಮೇಲೆ ಒಂದು ಅಂಗೈ ಇಟ್ಟಳು. ಇನ್ನೊಂದು ಕೈಯ ಬೆರಳು ಗಾಜಿನ ಮೇಲೆ ಅಕ್ಷರದ ಜೊತೆ ನಡೆಯಿತು. 'ಬದುಕಿದ್ದ' ಎಂಬಲ್ಲಿ ಬೆರಳು ನಿಂತಿತು. ಆಮೇಲೆ ಮುಂದಕ್ಕೆ ಸಾಗಿತು. 'ಸದ್ದು ನಿಂತಿತು' ಎಂಬುದನ್ನು ಓದಿ ಮುಗಿಸುವಷ್ಟರಲ್ಲಿ ಅಕ್ಷರವೂ ಹೋಯಿತು, ಶಾಟೂ ಹೋಯಿತು. ಆಕೆ ಅಳಲಿಲ್ಲ.

"ಇನ್ನೊಂದ್ಸಲ ಆಕು," ಎಂದಳು.

ಎರಡನೇ ಸಲ ಆಕೆ ಅಕ್ಷರ ನೋಡಲಿಲ್ಲ. ಅದು ಗೊತ್ತಾಗಿತ್ತಲ್ಲ. ಮುಖವನ್ನೇ ನೋಡಿದಳು. ಕೈ ಮಾತ್ರ ಪೆಟ್ಟಿಗೆಯ ಮೇಲೇ ಇತ್ತು. ದೊಡ್ಡಪ್ಪನ ದನಿ ನಿಂತಿತು, ಕೆಳಗೆ ನನ್ನ ಎರಡು ಸಾಲು ಬಂದು ಕೂತವು. ದೊಡ್ಡಮ್ಮ ಚಟ್ಟನೆ ನನ್ನ ಮೊಣಕಾಲು ಹಿಡಿದುಕೊಂಡಳು.

"ಇಲ್ಲಿ ಏನೋ ಅಂತಾವ್ರೆ ಕಣಮ್ಮಿ. ಇದನ್ಯಾಕೆ ಬರೀಲಿಲ್ಲ?"

"ಇಲ್ಲಿ ಮಾತಿಲ್ಲ ದೊಡ್ಡಮ್ಮ. ಸುಮ್ಮನೆ ಕೂತಿದ್ದಾರೆ."

"ನಿಂಗೆ ಕಣ್ಣಿಲ್ವಾ? ಬಾಯಿ ನೋಡು!"

ನೋಡಿದೆ. ಆ ಹತ್ತು ಸೆಕೆಂಡನ್ನು ನಾನು ಅದೆಷ್ಟು ಸಲ ನೋಡಿದ್ದೆನೋ, ದೇವರಿಗೇ ಗೊತ್ತು. ಪ್ರತಿಸಲವೂ ನನ್ನ ಕಣ್ಣು ಅಂಕಿಯ ಮೇಲೆ ಇರುತ್ತಿತ್ತು, ಇಲ್ಲವೇ ಅಕ್ಷರದ ಮೇಲೆ. ದೊಡ್ಡಪ್ಪನ ತುಟಿ ಆಡುತ್ತಿತ್ತು. ದನಿಯಿಲ್ಲ, ಉಸಿರೂ ಇಲ್ಲ, ಬರೀ ತುಟಿ. ಕಣ್ಣು ಕ್ಯಾಮೆರಾದ ಪಕ್ಕಕ್ಕೆ, ಬಾಗಿಲ ಕಡೆಗೆ, ಯಾರೋ ನಿಂತಿದ್ದಾರೆ ಎಂಬಂತೆ ನೆಟ್ಟಿತ್ತು.

"ಏನಂತಾರೆ?" ಎಂದೆ.

"'ಬತ್ತೀನಿ ಇರ್ಲಾ' ಅಂತಾವ್ರೆ. ನನ್ ತಮ್ಮುನ್ನ ಅಂಗೇ ಮಾತಾಡುಸ್ತಿದ್ದಿದ್ದು ಅವರು."

ಬಾಗಿಲ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಬಡಿತದ ವಿಷಯವನ್ನು ನಾನು ಬಾಯಿಬಿಡಲಿಲ್ಲ. ಕೇಳದ ಕಿವಿಗೆ ಅದೊಂದನ್ನು ಯಾಕೆ ಹೇಳಲಿ?

ನಿರ್ದೇಶಕರು ಅಲ್ಲಿಗೇ ಕತ್ತರಿಸುತ್ತಾರಂತೆ ಎಂದಾಗ ಮಾತ್ರ ದೊಡ್ಡಮ್ಮ ನನ್ನ ಎರಡು ಕೈ ಹಿಡಿದುಕೊಂಡಳು. "ಬೇಡ ಅನ್ನು. ಅದು ಅವನಿಗೇಳಿದ್ ಮಾತು. ಅದ ಕತ್ತರಿಸ್ಬಾರ್ದು ಅನ್ನು. ನಿನ್ ಕಾಲಿಗ್ ಬೀಳ್ತೀನಿ."

ಮಾರನೆಯ ದಿನ ಸ್ಟುಡಿಯೋದಲ್ಲಿ ತುಟಿಯ ಮಾತು ಹೇಳಿದ್ದರೆ ನಿರ್ದೇಶಕರು ಅದಕ್ಕೂ ಅಕ್ಷರ ಹಾಕು ಎನ್ನುತ್ತಿದ್ದರು, ಇಲ್ಲವೇ ನಗುತ್ತಿದ್ದರು. ಎರಡೂ ನನಗೆ ಬೇಡವಾಗಿತ್ತು. ನನ್ನ ಕಸುಬನ್ನೇ ಹಿಡಿದು ಜಗಳಕ್ಕೆ ನಿಂತೆ. "ಸಾರ್, ಎರಡನೇ ಸಬ್‌ಟೈಟಲ್ ಪೂರ್ತಿ ಎರಡು ಸಾಲು. ಮಾತು ಮುಗಿದಲ್ಲೇ ಕತ್ತರಿಸಿದರೆ ಯಾರಿಗೂ ಓದಲಾಗಲ್ಲ. ಚಿತ್ರದ ಜೀವವೇ ಆ ಸಾಲು. ಓದೋಕೆ ಆ ಸೆಕೆಂಡುಗಳು ಬೇಕೇ ಬೇಕು."

ಅವರು ಗೊಣಗಿದರು. ಸಾಲು ಚಿಕ್ಕದು ಮಾಡು ಎಂದರು. ಇನ್ನೊಂದು ಅಕ್ಷರ ಕಿತ್ತರೆ ಅರ್ಥವೇ ಕೆಡುತ್ತದೆ ಎಂದೆ. ಕಿತ್ತರೂ ಕೆಡುತ್ತಿರಲಿಲ್ಲ, ಬಿಡಿ. ಕೊನೆಗೆ ಶಾಟ್ ಉಳಿಯಿತು.

ಚಾಂಪಿಯನ್ ರೀಫ್ಸ್‌ನ ಶಾಲೆಯ ಹಾಲಿನಲ್ಲಿ ಒಂದು ಭಾನುವಾರ ಬೆಳಗ್ಗೆ ಕಿಟಕಿಗೆ ಜಮಖಾನ ಕಟ್ಟಿ, ದೊಡ್ಡ ಪರದೆಯ ಮೇಲೆ ಚಿತ್ರ ತೋರಿಸಿದರು. ದೊಡ್ಡಮ್ಮ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ನಾನು. ಆ ಜಾಗ ಬಂದಾಗ ಹಿಂತಿರುಗಿ ಜನರನ್ನು ನೋಡಿದೆ. ಅಷ್ಟು ಕಣ್ಣೂ ಪರದೆಯ ಕೆಳಗಿನ ಅಂಚಿನಲ್ಲಿದ್ದವು, ಎಡದಿಂದ ಬಲಕ್ಕೆ ಒಟ್ಟಿಗೆ ಚಲಿಸುತ್ತಿದ್ದವು. ಮೇಲೆ ಒಬ್ಬ ಸತ್ತ ಮನುಷ್ಯ ಇನ್ನೊಬ್ಬ ಸತ್ತವನಿಗೆ ಮಾತು ಕೊಡುತ್ತಿದ್ದ. ಒಬ್ಬರೂ ತಲೆಯೆತ್ತಲಿಲ್ಲ. ತಲೆಯೆತ್ತದ ಹಾಗೆ ಅಳತೆ ಮಾಡಿ ಕೂರಿಸಿದವಳು ನಾನೇ.

ದೀಪ ಹಾಕಿದ ಮೇಲೆ ದೊಡ್ಡಮ್ಮ ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಮುಖ ಎಂದೂ ಇಲ್ಲದಷ್ಟು ತಿಳಿಯಾಗಿತ್ತು.

"ಇವರು ಬತ್ತೀನಿ ಅಂದ್ಮೇಲೆ ಅವನು ಬಡಿಯಾದು ನಿಲ್ಸ್‌ಬಿಟ್ಟ, ಅಲ್ವಾ?"

ಆಕೆ ತನ್ನ ಅಂಗೈ ಎತ್ತಿ ತೋರಿಸಿದಳು. "ಅವತ್ತು ಪೆಟ್ಟಿಗೆ ಮ್ಯಾಲೆ ಇಟ್ಟಿದ್ನಲ್ಲ, ಇದಕ್ಕೇ ಗೊತ್ತಾಯ್ತು. ಮೂರು, ಮೂರು. ಆಮೇಲೆ ಇಲ್ಲ."

ಸೋಮವಾರ ಸ್ಟುಡಿಯೋಗೆ ಹೋದವಳೇ ಅಂಕಿಯ ಕ್ಯಾಸೆಟ್ ಹಾಕಿ, ಹೆಡ್‌ಫೋನ್ ಏರಿಸಿ, ಈ ಸಲ ತುಟಿಯನ್ನೇ ನೋಡುತ್ತಾ ಕೇಳಿದೆ. ಟಕ್, ಟಕ್, ಟಕ್. ಮತ್ತೆ ಟಕ್, ಟಕ್, ಟಕ್. ತುಟಿ ಆಡಿತು. ತುಟಿ ಮುಚ್ಚಿತು. ಆಮೇಲೆ ಶಾಟ್ ಮುಗಿಯುವವರೆಗೂ ಏನೂ ಇರಲಿಲ್ಲ.