ಜ್ವರದಲ್ಲಿ ಸೊಪ್ಪು

ಬಿಡದಿ ಕಡೆ ಒಂದಾದ ಮೇಲೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಯಂತ್ರದ ಪಕ್ಕ ಅಂಟಿಸುವ ಇಂಗ್ಲಿಷ್ ಸೂಚನೆಗಳನ್ನು ಕನ್ನಡಕ್ಕೆ ತರುವವರು ಬೇಕಾಗಿದ್ದರು. ಚನ್ನಪಟ್ಟಣದಲ್ಲಿ ಭಾನುವಾರದ ಅನುವಾದ ತರಗತಿ ಶುರುವಾದದ್ದು ಹಾಗೆ. ಪಾಠ ಹೇಳುವವನು, ಪ್ರಶ್ನೆಪತ್ರಿಕೆ ಬರೆಯುವವನು, ಅಂಕ ಹಾಕುವವನು, ಮೂರೂ ನಾನೇ. ಪೇಟೆಯಲ್ಲಿ ಬೆಳೆದವನು, ಮೂಗಿನ ತುದಿಯಲ್ಲೇ ಕೋಪ.

ಪರೀಕ್ಷೆಗೆ ಹತ್ತು ವಾಕ್ಯ. ಪ್ರತಿ ವಾಕ್ಯಕ್ಕೆ ಅರ್ಥಕ್ಕೆ ಮೂರು ಅಂಕ, ಪದ ಮತ್ತು ವ್ಯಾಕರಣದ ನಿಖರತೆಗೆ ಎರಡು. ಐವತ್ತಕ್ಕೆ ಮೂವತ್ತು ಬಂದರೆ ಪಾಸು.

ಹೊಂಗನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು ಇದ್ದಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಕಾರ್ಖಾನೆಯೊಂದರ ಕೆಲಸಕ್ಕೆ ಅರ್ಜಿ ಹಾಕಲು ಅವಳಿಗೆ ನಮ್ಮ ಸರ್ಟಿಫಿಕೇಟ್ ಬೇಕೇ ಬೇಕಿತ್ತು. ಅವಳಿಗೆ ಬಂದದ್ದು ಇಪ್ಪತ್ತೆಂಟು.

ಪಾಸಿಗೆ ಬೇಕಾಗಿದ್ದ ಅಂಕ ಕಳೆದುಕೊಂಡದ್ದು ರೇಷ್ಮೆ ಹುಳುವಿನ ಮೇಲಿದ್ದ ಒಂದು ವಾಕ್ಯದಲ್ಲೇ. ಹುಳುಗಳು ಪೊರೆ ಬಿಡುವಾಗಲೂ ತಪ್ಪದೆ ಸೊಪ್ಪು ಹಾಕಬೇಕು ಎಂದು ಇಂಗ್ಲಿಷಿನಲ್ಲಿತ್ತು. ಪೊರೆ ಬಿಡುವುದಕ್ಕೆ ಇಲ್ಲಿಯವರು ಜ್ವರ ಅನ್ನುತ್ತಾರೆ. ಅವಳು ಚೆಂದದ ಕನ್ನಡದಲ್ಲಿ, "ಹುಳುಗಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು" ಎಂದು ಬರೆದಿದ್ದಳು. ಅರ್ಥ ತಲೆಕೆಳಗು. ಮೂರಕ್ಕೆ ಸೊನ್ನೆ ಸುತ್ತಿದ್ದೆ.

ಉತ್ತರಪತ್ರಿಕೆ ಹಿಡಿದು ಬಂದಳು. "ಸಾರ್, ಜ್ವರದಲ್ಲಿ ಸೊಪ್ಪು ಹಾಕುದ್ರೆ ಹುಳ ಕೆಟ್ಟೋಯ್ತವೆ. ಓದ್ದೋರು ಹಂಗೇ ಮಾಡ್ಬುಟ್ರೆ?"

"ನೋಡಮ್ಮ, ಮೂಲದಲ್ಲಿ ತಪ್ಪಿದ್ದರೂ ತಿದ್ದೋಕೆ ನಮಗೆ ಹಕ್ಕಿಲ್ಲ. ಇದ್ದದ್ದು ಇದ್ದಂತೆ ಬರೆದು, ಕೆಳಗೆ ಟಿಪ್ಪಣಿ ಹಾಕಬೇಕು" ಎಂದು ರೇಗಿದೆ.

"ಅದ ನೀವು ಹೇಳ್ಕೊಟ್ಟೇ ಇಲ್ವಲ್ಲ ಸಾರ್." ಆಮೇಲೆ ಕೇಳಿದಳು, "ಆ ಇಂಗ್ಲಿಷ್ ವಾಕ್ಯ ಬರ್ದೋರು ಯಾರು?"

ಸುಳ್ಳು ಹೇಳಬಹುದಿತ್ತು. "ನಾನೇ" ಅಂದೆ. ಹುಳುವನ್ನು ಹತ್ತಿರದಿಂದ ನೋಡಿಯೂ ಇರದ ನಾನು ಯಾರನ್ನೂ ಕೇಳದೆ ಬರೆದ ವಾಕ್ಯ ಅದು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ನಾಚಿಕೆಯಾಯಿತು.

"ಮೂರು ಅಂಕ ಹಾಕಿಬಿಡ್ತೀನಿ ಬಿಡಮ್ಮ."

"ಬ್ಯಾಡ ಸಾರ್. ಇದ್ದಂಗೆ ಬರೀಬೇಕು ಅಂದ್ರಲ್ಲ, ನಾ ಬರ್ದಿಲ್ಲ. ಅರ್ಜಿಗೆ ಇನ್ನೂ ಒಂದು ತಿಂಗಳು ಟೈಮ್ ಐತೆ, ಇನ್ನೊಂದ್ಸಲ ಬರೀತೀನಿ."

ಕೈಗೆ ಬಂದ ಪಾಸನ್ನು ಹಾಗೆ ಬೇಡವೆಂದವರನ್ನು ನಾನು ಕಂಡಿರಲಿಲ್ಲ. ಅವತ್ತಿನಿಂದ ಅವಳ ಮೇಲೆ ನನಗಿದ್ದದ್ದು ಬರೀ ಗೌರವ. ಮುಂದಿನ ಭಾನುವಾರ ಇಡೀ ತರಗತಿಗೆ ಟಿಪ್ಪಣಿ ಬರೆಯುವುದನ್ನು ಹೇಳಿಕೊಟ್ಟೆ.

ಮರುಪರೀಕ್ಷೆಗೆ ಒಂಬತ್ತು ವಾಕ್ಯ ಬದಲಿಸಿದೆ. ಸೊಪ್ಪಿನ ವಾಕ್ಯವನ್ನು ಬೇಕೆಂದೇ ಹಾಗೇ ಬಿಟ್ಟೆ.

ಈ ಸಲ ಒಂದಕ್ಷರ ಆಚೀಚೆ ಮಾಡದೆ, ಪೊರೆ ಬಿಡುವಾಗಲೂ ತಪ್ಪದೆ ಸೊಪ್ಪು ಹಾಕಬೇಕೆಂದೇ ಬರೆದಿದ್ದಳು. ಆ ವಾಕ್ಯಕ್ಕೆ ಐದಕ್ಕೆ ಐದು, ಒಟ್ಟು ನಲವತ್ತೊಂದು. ವಾಕ್ಯದ ಕೆಳಗೆ ಗೆರೆ ಎಳೆದು, ದುಂಡನೆಯ ಅಕ್ಷರದಲ್ಲಿ ಟಿಪ್ಪಣಿ:

"ಮೂಲದಲ್ಲಿ ಹೀಗೇ ಇದೆ. ಹೀಗೆ ಮಾಡಿದರೆ ಹುಳುಗಳು ಕೆಡುತ್ತವೆ. ಬರೆದವರಿಗೆ ಈಗಾಗಲೇ ಒಮ್ಮೆ ತಿಳಿಸಲಾಗಿದೆ."