ನಲವತ್ತೇಳನೆಯ ಬಾಣ

ಒಂಬತ್ತನೇ ತಾರೀಕು, ಮಂಗಳವಾರ. ನನ್ನ ವಹಿಯಲ್ಲಿ ಆ ದಿನದ ಕೆಳಗೆ ಹೀಗಿದೆ: ವಿಷಯ ೩೬, ಬಾಣ ೪೭, ಹೊರಬಂದದ್ದು ೩೧.

ನಾಗಪುರದ ನಮ್ಮ ಕಾಲೇಜಿನಲ್ಲಿ ಇಬ್ಬಿಬ್ಬರಿಗೆ ಒಂದು ಅಸೈನ್‌ಮೆಂಟ್. ಯಾವ ವಿಷಯಕ್ಕಿಂತ ಮೊದಲು ಯಾವುದನ್ನು ಓದಿರಬೇಕು ಎಂಬ ಪಟ್ಟಿಯನ್ನು ಸರ್ ಕೊಟ್ಟಿದ್ದರು. ಮೊದಲಿನದರಿಂದ ನಂತರದ್ದಕ್ಕೆ ಒಂದು ಬಾಣ. ಎಲ್ಲವನ್ನೂ ಓದುವ ಕ್ರಮವನ್ನು ಕಂಪ್ಯೂಟರ್ ಹೇಳಬೇಕು. ಒಳಬರುವ ಬಾಣವೇ ಇಲ್ಲದ ವಿಷಯವನ್ನು ಎತ್ತಿ ಸಾಲಿನಲ್ಲಿಡಬೇಕು, ಅದರಿಂದ ಹೊರಟ ಬಾಣಗಳನ್ನು ಅಳಿಸಬೇಕು, ಆಗ ಬಾಣ ಉಳಿಯದವನ್ನು ಮತ್ತೆ ಎತ್ತಬೇಕು. ಕೋಡ್ ನನ್ನದು. ಬಾಣಗಳನ್ನು ಟೈಪ್ ಮಾಡುವುದು ನನ್ನ ಜೊತೆಗಾರ್ತಿಯದು. ಅವಳು ರೈಲ್ವೆ ಕ್ವಾರ್ಟರ್ಸ್‌ನ ಹುಬ್ಬಳ್ಳಿ ಹುಡುಗಿ. ಹಿಂದಿನ ವರ್ಷ ಇದೇ ವಿಷಯದಲ್ಲಿ ಫೇಲಾಗಿದ್ದಳು. ಈ ಸಲ ಹತ್ತಕ್ಕೆ ಎಂಟು ಬರದಿದ್ದರೆ ಪರೀಕ್ಷೆಗೇ ಕೂಡಿಸುವುದಿಲ್ಲ ಎಂದಿದ್ದರು.

"ಐದು ವಿಷಯ ಎಲ್ಲಿ ಹೋದ್ವು? ಎಲ್ಲೋ ಒಂದು ಬಾಣ ಉಲ್ಟಾ ಹಾಕೀ ನೀ," ಎಂದೆ.

"ಬರೋಬರ್ ನೋಡೇ ಹಾಕೀನಿ."

"ನನ್ನ ಕೋಡ್ ಕ್ಲಾಸಿನ ಉದಾಹರಣೆಗೆ ಸರಿ ಬಂದೈತಿ."

"ಹಂಗಾರ ತಪ್ಪು ನಂದೇ ಬಿಡು, ಮಹಾರಾಣಿ," ಎಂದು ಮತ್ತೆ ಮೊದಲಿಂದ ಟೈಪ್ ಮಾಡಿದಳು. ಮತ್ತೆ ೩೧. ಮೂರನೆಯ ಸಲವೂ ೩೧. ಅವಳ ಹೆಸರಿನ ಮುಂದೆ ಮೂರು ಗೆರೆ ಎಳೆದೆ, ತಪ್ಪುಗಳ ಲೆಕ್ಕಕ್ಕೆ.

ಅವಳು ಮನೆಗೆ ಹೋದ ಮೇಲೆ ಉಳಿದ ಐದರ ನಡುವಿನ ಬಾಣಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಡೇಟಾಬೇಸ್‌ನಿಂದ ಆಪರೇಟಿಂಗ್ ಸಿಸ್ಟಮ್‌ಗೆ ಇದ್ದದ್ದನ್ನು ತೆಗೆದಾಗ ಮೂವತ್ತಾರೂ ಸಾಲಾಗಿ ಬಂದವು. ಅವಳ ತಪ್ಪು ಸಿಕ್ಕಿತೆಂದುಕೊಂಡೆ. ಎಲ್ಲವನ್ನೂ ಎಣಿಸುವ ನಾನು ಸರ್ ಕೊಟ್ಟ ಪಟ್ಟಿಯೊಂದಿಗೆ ತಾಳೆ ನೋಡಲಿಲ್ಲ. ಅವಳಿಗೆ ಹೇಳದೆ, ನಲವತ್ತಾರೇ ಬಾಣಗಳೊಂದಿಗೆ ವರದಿ ಸಲ್ಲಿಸಿದೆ. ವರದಿಯಲ್ಲಿ 'ಬಾಣಗಳ ನಮೂದು' ಎಂಬುದರ ಎದುರು ಅವಳ ಹೆಸರಿತ್ತು.

ಹನ್ನೆರಡನೇ ತಾರೀಕಿಗೆ ವೈವಾ, ಮೌಖಿಕ ಪರೀಕ್ಷೆ. ಸರ್ ಪೆನ್ನಿನ ತುದಿಯಿಂದ ಎಣಿಸಿ, "ಏಕ್ ಬಾಣ್ ಕುಠೆ ಗೇಲಾ?" ಒಂದು ಬಾಣ ಎಲ್ಲಿ ಹೋಯಿತು ಎಂದು ಮರಾಠಿಯಲ್ಲಿ ಅವಳನ್ನೇ ಕೇಳಿದರು.

"ಸರ್, ಮೈನೇ ಸೈಂತಾಲೀಸ್ ಡಾಲೇ ಥೇ," ನಲವತ್ತೇಳು ಹಾಕಿದ್ದೆ ಎಂದು ಅವಳು ಹಿಂದಿಯಲ್ಲಿ ಹೇಳಿದಳು.

ಪಟ್ಟಿಯಲ್ಲಿ ಅವರೇ ಬೇಕೆಂದು ಒಂದು ಸುತ್ತು ಇಟ್ಟಿದ್ದರು: ಆಪರೇಟಿಂಗ್ ಸಿಸ್ಟಮ್ ಇಲ್ಲದೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇಲ್ಲದೆ ಡೇಟಾಬೇಸ್ ಇಲ್ಲ, ಡೇಟಾಬೇಸ್ ಇಲ್ಲದೆ ಆಪರೇಟಿಂಗ್ ಸಿಸ್ಟಮ್ ಇಲ್ಲ. ಮೂರೂ ಒಂದಕ್ಕೊಂದು ಕಾಯುತ್ತವೆ, ಇನ್ನೆರಡು ಅವುಗಳ ಹಿಂದೆ ಕಾಯುತ್ತವೆ. ಮೂವತ್ತೊಂದೇ ಸರಿಯಾದ ಉತ್ತರ. ಸುತ್ತು ಇದೆ, ಕ್ರಮ ಸಾಧ್ಯವಿಲ್ಲ ಎಂದು ಬರೆಯಬೇಕಿತ್ತು.

ನನಗೆ ಎಂಟು ಕೊಟ್ಟರು, ಅವಳಿಗೆ ಐದು. ಅವಳು ನನ್ನ ಕಡೆ ನೋಡಿದಳು. ನಾನು ಕೂಲರ್‌ನತ್ತ ನೋಡುತ್ತಿದ್ದೆ.

ಹೇಳುವುದಕ್ಕೆ ನನಗೆ ಮೂರು ದಿನ ಬೇಕಾಯಿತು. ಹದಿನೈದಕ್ಕೆ ಸರ್ ಕೋಣೆಗೆ ಹೋಗಿ, ತೆಗೆದವಳು ನಾನು ಎಂದೆ. ಅವರು ಬರೆಸಿಕೊಂಡು ಅಂಕಗಳನ್ನು ಅದಲುಬದಲು ಮಾಡಿದರು.

ಪರೀಕ್ಷೆಯ ಪಟ್ಟಿ ಅಂಟಿಸಿದ ದಿನ ಅವಳ ಹೆಸರು ಅದರಲ್ಲಿತ್ತು. "ಬಂತಲ್ಲ," ಎಂದೆ.

"ನಲವತ್ತೇಳು ಅದಾವು ಅಂತ ನಾ ಅವತ್ತೇ ಹೇಳಿದ್ನಿ," ಎಂದು ಅವಳು ಬಸ್ಸಿನ ಕಡೆಗೆ ನಡೆದಳು.

ಆ ಮೂರು ಗೆರೆಗಳು ವಹಿಯಲ್ಲಿ ಇನ್ನೂ ಅವಳ ಹೆಸರಿನ ಮುಂದೆಯೇ ಇವೆ. ಪೆನ್ನಿನಲ್ಲಿ ಎಳೆದಿದ್ದೆ.