ಅರವತ್ತು ಮನೆ, ಮೂರು ವಾಲ್ವ್

ಒಂದು ನಿಮಿಷ ಇರಿ, ಇದನ್ನು ಕೇಳಿ ಆಮೇಲೆ ಮುಂದಕ್ಕೆ ಹೋಗಿ. ಹಳ್ಳಿ ಸರ್ವೆಯೊಂದರಲ್ಲಿ ತಪ್ಪಿನ ಅಂದಾಜನ್ನು ಸೊನ್ನೆಗೆ ಇಳಿಸಿದ ಮಹಾನುಭಾವ ನಾನು. ಅದೂ ಮೂರೇ ದಿನದಲ್ಲಿ, ಒಂದು ಹಳೇ ಬೈಕಿನಲ್ಲಿ.

ಆಗ ನಾನು ಕಡೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದೆ. ಬೇರೆಯವರು ತುಂಬಿಸಿ ತಂದ ಫಾರಂಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ. ಸ್ಯಾಂಪ್ಲಿಂಗ್, ಅಂದರೆ ಕೆಲವರನ್ನಷ್ಟೇ ಕೇಳಿ ಎಲ್ಲರ ಲೆಕ್ಕ ಅಂದಾಜಿಸುವ ವಿದ್ಯೆ, ಕಲಿತದ್ದು ಊಟದ ಬಿಡುವಿನಲ್ಲಿ, ಮೊಬೈಲಿನ ವೀಡಿಯೊ ನೋಡಿ. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ನಲ್ಲಿ ನೀರು ವಾರಕ್ಕೆಷ್ಟು ದಿನ ಬರುತ್ತದೆ ಎಂಬ ಸರ್ವೆ ಬಂದಾಗ, ಪ್ಲಾನ್ ನಾನೇ ಹಾಕುತ್ತೇನೆಂದು ಹಟ ಹಿಡಿದೆ.

"ಮೊದ್ಲು ಸಣ್ಣದಾಗಿ ಮಾಡ್ ತೋರ್ಸು," ಎಂದರು ನಮ್ಮ ಸಾರ್. "ಲೆಕ್ಕ ನಿಂತ್ರೆ ಇನ್ಮೇಲೆ ಪ್ಲಾನೆಲ್ಲಾ ನಿಂದೇ. ಇಲ್ದಿದ್ರೆ ಸುಮ್ನೆ ಕೀಬೋರ್ಡ್ ಮುಂದೆ ಕೂತ್ಕೋ."

ನಾನು ಆರಿಸಿದ್ದು ಸ್ಟ್ರಾಟಿಫೈಡ್ ವಿಧಾನ. ಒಂದೇ ತರಹದವನ್ನು ಒಂದು ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ಸ್ಯಾಂಪಲ್ ತೆಗೆಯಬೇಕು. ಆಗ ಗುಂಪುಗಳ ನಡುವಿನ ವ್ಯತ್ಯಾಸ ಅಂದಾಜನ್ನು ಅಲುಗಾಡಿಸುವುದಿಲ್ಲ, ಗುಂಪಿನೊಳಗಿನದು ಮಾತ್ರ ಉಳಿಯುತ್ತದೆ. ಮೂರು ತಾಲ್ಲೂಕು, ಮೂರು ಗುಂಪು. ಓಡಾಟ ಕಡಿಮೆಯಾಗಲೆಂದು ತಾಲ್ಲೂಕಿಗೆ ಒಂದೇ ಹಳ್ಳಿ ಚೀಟಿ ಎತ್ತಿದೆ. ಹಳ್ಳಿಗೆ ಇಪ್ಪತ್ತು ಮನೆ.

ನಮ್ಮಲ್ಲಿ ಫಾರಂ ತುಂಬಿಸುವ ಅಕ್ಕ ಒಬ್ಬರಿದ್ದರು. ಎಷ್ಟೋ ವರ್ಷದಿಂದ ಹಳ್ಳಿಗಳ ಬಾಗಿಲು ಬಡಿದವರು.

"ಒಂದೂರಲ್ಲೇ ಇಪ್ಪತ್ ಮನೆ ಯಾಕೋ? ಹತ್ತೂರಲ್ಲಿ ಎರಡೆರಡು ಕೇಳಾಣ."

"ಅಕ್ಕಾ, ಇದು ಸೈನ್ಸು."

"ಆಯ್ತಪ್ಪಾ ಸೈಂಟಿಸ್ಟು. ಬೈಕ್ ತೆಗಿ."

ಮೊದಲ ದಿನ ಕಡೂರು ತಾಲ್ಲೂಕಿನ ಚೌಳಹಿರಿಯೂರಿನ ಕಡೆಯ ಒಂದು ಹಳ್ಳಿ. ಐದನೇ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ನನ್ನ ಪ್ರಶ್ನೆ ಕೇಳಿ ಕೈ ನಿಲ್ಲಿಸಿದರು.

"ನಿನ್ನೆ ಬಂತು, ಇನ್ನ ನಾಡಿದ್ದೇ. ಪಕ್ಕದ್ ಮನೇಲೂ ಇದ್ನೇ ಕೇಳ್ತೀಯೇನಪ್ಪಾ?"

"ಹೂಂ ಅಜ್ಜಿ, ಇಪ್ಪತ್ ಮನೆ."

"ನೀರಗಂಟಿ ವಾಲ್ವ್ ತಿರುಗ್ಸಿದ್ರೆ ಊರಿಗೆಲ್ಲಾ ಒಟ್ಗೇ ಬತ್ತದೆ. ಅವನೊಬ್ಬನ್ನ ಕೇಳಿದ್ರೆ ಆಯ್ತಲ್ಲ. ಇಪ್ಪತ್ ಮನೆ ನಾಯಿ ಯಾಕೆ ಬೊಗಳುಸ್ತೀಯ?"

ಅಕ್ಕ ಸೆರಗು ಬಾಯಿಗಿಟ್ಟು ನಕ್ಕರು. ನಾನು ಗಂಭೀರವಾಗಿ "ವಾರಕ್ಕೆ ಎರಡು" ಎಂದು ಬರೆದುಕೊಂಡು ಆರನೇ ಮನೆಗೆ ಹೋದೆ. ಅಲ್ಲೂ ಎರಡು. ಇಪ್ಪತ್ತನೆಯದರಲ್ಲೂ ಎರಡು. ಮರುದಿನ ತರೀಕೆರೆಯ ಲಿಂಗದಹಳ್ಳಿ ಕಡೆ ಇಪ್ಪತ್ತೂ ಮನೆಯಲ್ಲಿ ದಿನಾ ನೀರು. ಮೂರನೇ ದಿನ ಅಜ್ಜಂಪುರದ ಶಿವನಿ ಕಡೆ ಇಪ್ಪತ್ತೂ ಮನೆಯಲ್ಲಿ ವಾರಕ್ಕೆ ಮೂರು ದಿನ.

ಲೆಕ್ಕ ಹಾಕಿದೆ. ಗುಂಪಿನೊಳಗೆ ವ್ಯತ್ಯಾಸವೇ ಇಲ್ಲ. ತಪ್ಪಿನ ಅಂದಾಜು ಸೊನ್ನೆ! ಪ್ರಿಂಟ್ ತೆಗೆದು, ಕ್ಲಿಪ್ ಹಾಕಿ, ಸಾರ್ ಟೇಬಲ್ಲಿನ ಮೇಲಿಟ್ಟೆ. ಸಾರ್ ಖುಷಿಯಾಗಿ ಅಕ್ಕನನ್ನೂ ಕರೆದರು. ಅಕ್ಕ ಹಾಳೆ ನೋಡಿ ಇಷ್ಟೇ ಹೇಳಿದರು:

"ಸೊನ್ನೆ ಅಂದ್ರೆ ಕಡೂರಿನ ಯಾವೂರಿಗೆ ಹೋದ್ರೂ ಎರಡೇ ದಿನ ಅಂತ ತಾನೆ? ಅಜ್ಜಿ ಊರಿನ ಪಕ್ಕದೂರಿಗೆ ಹೋಗ್ಬಾ ನೋಡಾಣ."

ಮಾರನೇ ದಿನ ಹೋದೆ. ಪಕ್ಕದೂರಿಗೆ ಬೇರೆ ಬೋರ್‌ವೆಲ್, ಬೇರೆ ಟ್ಯಾಂಕ್, ಬೇರೆ ನೀರಗಂಟಿ. ಅಲ್ಲಿ ದಿನಾ ನೀರು. ಬೈಕನ್ನು ಟ್ಯಾಂಕಿನ ನೆರಳಿನಲ್ಲಿ ನಿಲ್ಲಿಸಿ ನನ್ನ ಲೆಕ್ಕದ ಹಾಳೆ ಮತ್ತೆ ತೆಗೆದೆ. ನಾನು ಮಾತಾಡಿಸಿದ್ದು ಅರವತ್ತು ಮನೆಯನ್ನಲ್ಲ, ಮೂರು ವಾಲ್ವನ್ನು. ಸ್ಟ್ರಾಟಿಫೈಡ್ ಎಂದು ಹೆಸರಿಟ್ಟು ನಾನು ಮಾಡಿದ್ದು ಗುಂಪಿಗೊಂದರಂತೆ ಕ್ಲಸ್ಟರ್, ಅಂದರೆ ಒಂದೇ ಊರಿನ ಮನೆಗಳ ಗೊಂಚಲು. ಒಂದೂರಿನವರೆಲ್ಲ ಒಂದೇ ಉತ್ತರ ಕೊಡುವ ಪ್ರಶ್ನೆಯಲ್ಲಿ ಅದೇ ಊರಲ್ಲಿ ಮನೆ ಹೆಚ್ಚಿಸಿದರೆ ಕಾಲು ನೋಯುತ್ತದೆ, ಅಂದಾಜು ಗಟ್ಟಿಯಾಗುವುದಿಲ್ಲ. ವ್ಯತ್ಯಾಸವಿದ್ದದ್ದು ಊರು ಊರಿನ ನಡುವೆ. ತಾಲ್ಲೂಕಿಗೆ ಒಂದೇ ಊರು ನೋಡಿದವನಿಗೆ ಅದು ಕಾಣುವುದಾದರೂ ಹೇಗೆ?

ತಮಾಷೆ ಎಂದರೆ ಅದೇ ಫಾರಂನಲ್ಲಿ ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆಯೂ ಇತ್ತು. ಅಜ್ಜಿ ಮನೆಯಲ್ಲಿ ಇಬ್ಬರು, ಪಕ್ಕದಲ್ಲಿ ಒಂಬತ್ತು, ಎದುರಿಗೆ ಐದು. ಎಲ್ಲಾ ಊರಿನ ಕಥೆಯೂ ಹೆಚ್ಚುಕಡಿಮೆ ಇದೇ. ವ್ಯತ್ಯಾಸವೆಲ್ಲ ಊರೊಳಗೇ ಇರುವ ಆ ಪ್ರಶ್ನೆಗೆ ಕೆಲವೇ ಊರಲ್ಲಿ ಕೂತು ಕೇಳಿದರೂ ಹೆಚ್ಚು ನಷ್ಟವಿಲ್ಲ. ತಾಲ್ಲೂಕುವಾರು ಗುಂಪು ಮಾಡಿದರೂ ಹೆಚ್ಚು ಲಾಭವಿಲ್ಲ.

ಸಾರ್ ಮುಂದೆ ನಿಂತು ಎಲ್ಲಾ ಹೇಳಿದೆ. ಹೇಳದಿದ್ದರೆ ಸೊನ್ನೆಯೇ ರಿಪೋರ್ಟಿಗೆ ಹೋಗಿಬಿಡುತ್ತಿತ್ತು.

"ಹಂಗಾದ್ರೆ ಲೆಕ್ಕ ನಿಲ್ಲಲಿಲ್ಲ," ಎಂದರು.

"ಇಲ್ಲ ಸಾರ್."

"ಹೋಗು, ಕೀಬೋರ್ಡ್ ಕಾಯ್ತಾ ಐತೆ. ಪ್ಲಾನ್ ಅಕ್ಕ ಹಾಕ್ತಾರೆ."

ಅಕ್ಕ ಒಂದೂ ವೀಡಿಯೊ ನೋಡಿಲ್ಲ. ತಾಲ್ಲೂಕಿನ ಗುಂಪು ಬಿಟ್ಟು, ಹಳ್ಳಿಗಳನ್ನು ಸ್ವಂತ ಬೋರ್‌ವೆಲ್ ಇರುವವು, ದೊಡ್ಡ ಯೋಜನೆಯ ಪೈಪಿನ ನೀರು ಬರುವವು ಎಂದು ವಿಂಗಡಿಸಿದರು. ಎರಡೂ ಗುಂಪಿನಿಂದ ಚೀಟಿ ಎತ್ತಿ ಹತ್ತು ಹತ್ತು ಊರು, ಊರಿಗೆ ಮೂರೇ ಮನೆ. ಮತ್ತೆ ಅರವತ್ತೇ. ಈ ಸಲ ತಪ್ಪಿನ ಅಂದಾಜು ಸೊನ್ನೆ ಬರಲಿಲ್ಲ, ಆದರೆ ನಂಬಬಹುದಾದಷ್ಟು ಬಂತು. ಆ ಫಾರಂಗಳನ್ನೆಲ್ಲ ಟೈಪ್ ಮಾಡಿದವನು ನಾನು.

ನೀವೂ ಹಳ್ಳಿಗಳಲ್ಲಿ ಮನೆ ಮನೆ ಸರ್ವೆ ಮಾಡಿದ್ದರೆ, ಊರಿಗೆಷ್ಟು ಮನೆ ಇಟ್ಟಿರಿ, ಯಾವ ಪ್ರಶ್ನೆಗೆ ಊರೆಲ್ಲ ಒಂದೇ ಉತ್ತರ ಕೊಟ್ಟಿತು, ಕೆಳಗೆ ಬರೆದು ತಿಳಿಸಿ.